ಮನೆ ಕೊಳ್ಳುವವರ ಮೌನದ ವಾರಗಳು: ಸಾಮಾಜಿಕ ಜಾಲತಾಣಗಳಲ್ಲಿ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವ ಬಗೆ

ಮನೆ ಮಾರುವವರಿಂದಲೂ ಕಾರು ಮಾರುವವರಿಂದಲೂ ಪದೇ ಪದೇ ಬರುವ ಪ್ರಶ್ನೆ ಒಂದೇ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕಿದರೆ ವಿಚಾರಣೆಗಳೇನೋ ಬರುತ್ತವೆ, ಮೊದಲ ವಾರ ಎಲ್ಲರೂ ಉತ್ಸಾಹದಿಂದ ಮಾತನಾಡುತ್ತಾರೆ, ಆಮೇಲೆ ಕರೆಯನ್ನೇ ಎತ್ತುವುದಿಲ್ಲ. ಇಂಥವರನ್ನು ಬುಕಿಂಗ್‌ವರೆಗೆ ಕರೆದೊಯ್ಯುವುದು ಹೇಗೆ?

ಈ ಮೌನವನ್ನು ಬಹಳ ಮಂದಿ ಆಸಕ್ತಿ ಹೋಗಿದ್ದಕ್ಕೆ ಗುರುತು ಎಂದು ತಿಳಿಯುತ್ತಾರೆ. ಹೆಚ್ಚಿನ ಸಲ ಅದು ಹಾಗಲ್ಲ. ಆ ವಾರಗಳಲ್ಲಿ ಕೊಳ್ಳುವವರು ಬ್ಯಾಂಕಿನಲ್ಲಿ ಎಷ್ಟು ಸಾಲ ಸಿಗುತ್ತದೆಂದು ವಿಚಾರಿಸುತ್ತಿರುತ್ತಾರೆ, ಮನೆಯವರ ಒಪ್ಪಿಗೆ ಪಡೆಯುತ್ತಿರುತ್ತಾರೆ, ಇನ್ನೆರಡು ಕಡೆ ಹೋಗಿ ನೋಡಿ ಬರುತ್ತಿರುತ್ತಾರೆ. ಆಗ ನಿಮ್ಮ ಕಡೆಯಿಂದ "ನಿರ್ಧಾರ ಆಯಿತೇ?" ಎಂಬ ಕರೆ ಹೋದರೆ ಅವರ ಬಳಿ ಹೇಳುವುದಕ್ಕೆ ಏನೂ ಇರುವುದಿಲ್ಲ, ಆದ್ದರಿಂದ ಎತ್ತುವುದಿಲ್ಲ. ಆ ವಾರ ಅವರನ್ನು ಕಾಡುತ್ತಿರುವ ಪ್ರಶ್ನೆಗೇ ಉತ್ತರ ಹೊತ್ತ ಸಂದೇಶ ಹೋದರೆ ಪ್ರತಿಕ್ರಿಯಿಸುವುದಕ್ಕೆ ಅವರಿಗೊಂದು ಕಾರಣ ಸಿಗುತ್ತದೆ. ಈ ಲೇಖನದ ಎಲ್ಲ ಹಂತಗಳೂ ಇದೊಂದರ ಮೇಲೆ ನಿಂತಿವೆ.

ಎರಡನೆಯ ತೊಡಕು ಜಾಲತಾಣಗಳದ್ದು. ಅವುಗಳ ವ್ಯವಸ್ಥೆ ಬೇಗ ಮುಗಿಯುವ ಖರೀದಿಗೆ ಹೊಂದುವಂಥದ್ದು: ಸಂದೇಶಕ್ಕೆ 24 ಗಂಟೆಯ ಅವಧಿ, ಜಾಹೀರಾತಿನ ಫಲ ಎಣಿಸುವುದಕ್ಕೆ 7 ದಿನ, ಫಾರ್ಮ್‌ನ ವಿವರ ಇಳಿಸಿಕೊಳ್ಳುವುದಕ್ಕೆ 90 ದಿನ. ಮನೆ ಕೊಳ್ಳುವವರು ಮೂರು ತಿಂಗಳು ತೆಗೆದುಕೊಳ್ಳುವುದು ಸಾಮಾನ್ಯ. ಈ ಗಡುವುಗಳ ನಡುವೆ ಬೀಳುವ ಅಂತರವನ್ನು ನೀವೇ ತುಂಬಿಕೊಳ್ಳಬೇಕು.

ವಿವರಣೆಗೆ ಒಂದೇ ಸಂದರ್ಭವನ್ನು ತೆಗೆದುಕೊಳ್ಳುತ್ತೇನೆ: ಕಟ್ಟಡದ ಕೆಲಸ ಬಹುತೇಕ ಮುಗಿದಿರುವ ಅಪಾರ್ಟ್‌ಮೆಂಟ್ ಸಮುಚ್ಚಯ, ಎರಡು ಮಲಗುವ ಕೋಣೆಯ ಮನೆ, ಗೃಹಸಾಲದ ಮೇಲೆ ಕೊಳ್ಳಲು ಹೊರಟವರು, ಸುಮಾರು ಹನ್ನೆರಡು ವಾರಗಳ ಅವಧಿ. ಕಾರಿನ ವಿಷಯದಲ್ಲಿ ಬದಲಾಗುವುದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಮೊದಲು ಕೈಯಲ್ಲಿರಬೇಕಾದವು

ಫೇಸ್‌ಬುಕ್ ಪುಟ ಮತ್ತು ಅದಕ್ಕೆ ಜೋಡಿಸಿದ ಇನ್‌ಸ್ಟಾಗ್ರಾಮ್ ವ್ಯಾಪಾರಿ ಖಾತೆ, ವ್ಯವಹಾರಕ್ಕೆಂದೇ ಇರಿಸಿದ ವಾಟ್ಸಾಪ್ ಸಂಖ್ಯೆ, ಮತ್ತು ಮನೆಯ ನಕ್ಷೆ ಹಾಗೂ ದಾಖಲೆಗಳ ವಿವರವಿರುವ ಒಂದು ಜಾಲಪುಟ ಬೇಕು. ಆ ಪುಟದಲ್ಲಿ ಮೆಟಾ ಪಿಕ್ಸೆಲ್ ಹಾಕಿಸಿರಿ. ಪಿಕ್ಸೆಲ್ ಎಂದರೆ ಪುಟಕ್ಕೆ ಬಂದವರು ಏನನ್ನು ನೋಡಿದರೆಂದು ಜಾಹೀರಾತು ಖಾತೆಗೆ ತಿಳಿಸುವ ಸಣ್ಣ ಕೋಡ್. ಭೇಟಿ ನೀಡುವವರ ಅನುಮತಿ ಕೇಳಬೇಕೆಂಬ ಕಾನೂನು ಇರುವಲ್ಲಿ ಅದನ್ನು ಕೇಳಿಯೇ ಬಳಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ದಾಖಲೆ ಹಾಳೆ. ದುಬಾರಿ ಸಿಆರ್‌ಎಂ, ಅಂದರೆ ಗ್ರಾಹಕರ ವಿವರ ಇಡುವ ತಂತ್ರಾಂಶ, ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಅದರಲ್ಲಿ ಲೀಡ್ ಬಂದ ದಿನ (ಲೀಡ್ ಎಂದರೆ ಆಸಕ್ತಿ ತೋರಿ ತಮ್ಮ ವಿವರ ಕೊಟ್ಟವರು), ಯಾವ ಜಾಹೀರಾತಿನಿಂದ ಬಂದರು, ಮೆಟಾ ಕೊಡುವ ಲೀಡ್ ಐಡಿ, ಈಗ ಅವರ ಮನಸ್ಸಿನಲ್ಲಿರುವ ಪ್ರಶ್ನೆ, ಮುಂದಿನ ಸಂಪರ್ಕದ ದಿನ ಇಷ್ಟು ಕಾಲಂಗಳು ಇರಲೇಬೇಕು. "ಆಸಕ್ತಿ ಇದೆ", "ಆಸಕ್ತಿ ಇಲ್ಲ" ಎಂಬ ಎರಡೇ ಪದಗಳಲ್ಲಿ ಸ್ಥಿತಿ ಬರೆಯುವ ಅಭ್ಯಾಸವನ್ನು ಇಲ್ಲಿಯೇ ಬಿಡಬೇಕು. ಮೂರನೆಯ ವಾರದಲ್ಲಿ ಏನು ಕಳಿಸಬೇಕೆಂಬುದನ್ನು ಆ ಎರಡು ಪದಗಳು ಹೇಳುವುದಿಲ್ಲ.

ಹಂತ 1: ಪ್ರಶ್ನೆಗಳ ಸರಣಿಯನ್ನು ಬರೆದುಕೊಳ್ಳಿ

ಜಾಹೀರಾತಿಗೆ ಕೈಹಾಕುವ ಮೊದಲು ಈಗಾಗಲೇ ಮನೆ ಕೊಂಡವರಲ್ಲಿ ನಾಲ್ಕೈದು ಮಂದಿಯನ್ನು ಕೂರಿಸಿಕೊಂಡು, ಮೊದಲ ದಿನದಿಂದ ಮುಂಗಡ ಕೊಡುವ ದಿನದವರೆಗೆ ಯಾವ ಯಾವ ಸಂದೇಹ ಯಾವ ಹೊತ್ತಿನಲ್ಲಿ ಬಂತೆಂದು ಕೇಳಿ ಬರೆದುಕೊಳ್ಳಿ. ಸಾಮಾನ್ಯವಾಗಿ ಸಿಗುವ ಕ್ರಮ ಹೀಗಿರುತ್ತದೆ: ನಮ್ಮ ಕೈಗೆ ಎಟಕುತ್ತದೆಯೇ, ಸಾಲ ಎಷ್ಟು ಸಿಗುತ್ತದೆ, ಮನೆ ನಿಜವಾಗಿ ಹೇಗಿದೆ, ಮನೆಯವರು ಒಪ್ಪುತ್ತಾರೆಯೇ, ದಾಖಲೆಗಳು ಸರಿಯಿವೆಯೇ, ಕೊನೆಯದಾಗಿ, ಈಗಲೇ ಕೊಳ್ಳಬೇಕೇ ಅಥವಾ ಕಾಯಬೇಕೇ.

ಈ ಆರು ಪ್ರಶ್ನೆಗಳೇ ನಿಮ್ಮ ಹಾಳೆಯಲ್ಲಿನ ಸ್ಥಿತಿಯ ಹೆಸರುಗಳಾಗಲಿ. "ಫಾಲೋ ಅಪ್ ಮೂರು" ಎಂದು ಬರೆಯುವ ಬದಲು "ಸಾಲದ ಪ್ರಶ್ನೆ" ಎಂದು ಬರೆದರೆ, ಮುಂದೆ ಮಾತನಾಡುವವರು ಬೇರೆ ಸಿಬ್ಬಂದಿಯಾಗಿದ್ದರೂ ಎಲ್ಲಿಂದ ಆರಂಭಿಸಬೇಕೆಂಬುದು ಅವರಿಗೆ ತಿಳಿಯುತ್ತದೆ.

ಹಂತ 2: ಫಾರ್ಮ್‌ನಲ್ಲಿಯೇ ಮೊದಲ ಸೋಸುವಿಕೆ

ಮೆಟಾ ಜಾಹೀರಾತುಗಳಲ್ಲಿ ಆ್ಯಪ್‌ನೊಳಗೇ ತೆರೆದುಕೊಳ್ಳುವ ಫಾರ್ಮ್‌ಗೆ ಬೇರೆ ಬೇರೆ ಬಗೆಗಳಿವೆ. More volume ಎಂಬುದು ಬೇಗ ತುಂಬಿ ಕಳಿಸುವಂಥದ್ದು. Higher intent ಎಂಬುದರಲ್ಲಿ ಕಳಿಸುವ ಮೊದಲು ತಮ್ಮ ವಿವರವನ್ನು ಮತ್ತೊಮ್ಮೆ ನೋಡಿ ಖಚಿತಪಡಿಸುವ ಹೆಜ್ಜೆಯೊಂದು ಸೇರುತ್ತದೆ. ಮನೆಯಂಥ ಖರೀದಿಗೆ ಎರಡನೆಯದನ್ನೇ ಆರಿಸಿ. ಲೀಡ್‌ಗಳ ಸಂಖ್ಯೆ ಕಡಿಮೆಯಾಗುತ್ತದೆ, ಒಂದೊಂದರ ಖರ್ಚು ಹೆಚ್ಚು ಕಾಣುತ್ತದೆ. ಅದಕ್ಕೆ ಹೆದರಬೇಡಿ, ಏಕೆಂದರೆ ಹನ್ನೆರಡು ವಾರ ಒಬ್ಬೊಬ್ಬರೊಡನೆ ಮಾತನಾಡುವ ಶ್ರಮದ ಮುಂದೆ ಆ ಖರ್ಚು ಸಣ್ಣದು.

ಹೆಸರು ಮತ್ತು ಫೋನ್ ಸಂಖ್ಯೆಯ ಜೊತೆಗೆ ಮೂರು ಪ್ರಶ್ನೆಗಳನ್ನು ಸೇರಿಸಿ: ಎಷ್ಟು ತಿಂಗಳೊಳಗೆ ಮನೆಗೆ ಹೋಗಬೇಕೆಂದಿದ್ದೀರಿ, ಸಾಲ ಬೇಕೇ, ವಾಟ್ಸಾಪ್‌ನಲ್ಲಿ ವಿವರ ಕಳಿಸಬಹುದೇ. ಮೂರನೆಯದು ಅನುಮತಿ, ಅದಿಲ್ಲದೆ ಕಳಿಸುವ ಸಂದೇಶ ವಾಟ್ಸಾಪ್‌ನ ನಿಯಮಕ್ಕೂ ವಿರುದ್ಧ, ಪಡೆದವರ ತಾಳ್ಮೆಗೂ ವಿರುದ್ಧ. ನಾಲ್ಕನೆಯ ಪ್ರಶ್ನೆ ಸೇರಿಸುವ ಆಸೆಯನ್ನು ತಡೆದುಕೊಳ್ಳಿ. ಉಳಿದದ್ದನ್ನು ಮಾತಿನಲ್ಲಿ ಕೇಳಬಹುದು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಫಾರ್ಮ್ ತನ್ನಷ್ಟಕ್ಕೆ ತುಂಬಿಕೊಳ್ಳುವ ಫೋನ್ ಸಂಖ್ಯೆ, ಆ ವ್ಯಕ್ತಿ ಎಂದೋ ಖಾತೆ ತೆರೆದಾಗ ಕೊಟ್ಟ ಹಳೆಯ ಸಂಖ್ಯೆಯಾಗಿರಬಹುದು. "ಸಂಖ್ಯೆ ಅಸ್ತಿತ್ವದಲ್ಲಿಲ್ಲ" ಎಂಬ ಉತ್ತರ ಪದೇ ಪದೇ ಬರುತ್ತಿದ್ದರೆ ಮೊದಲು ಇದನ್ನೇ ಶಂಕಿಸಿ, ವಾಟ್ಸಾಪ್ ಸಂಖ್ಯೆಯನ್ನು ಕೈಯಿಂದಲೇ ಬರೆಯುವ ಪ್ರತ್ಯೇಕ ಪ್ರಶ್ನೆಯಾಗಿ ಕೇಳಿ. ಎರಡನೆಯದಾಗಿ, ಫಾರ್ಮ್‌ನ ವಿವರಗಳನ್ನು ಮೆಟಾದಿಂದ ಇಳಿಸಿಕೊಳ್ಳುವುದಕ್ಕೆ 90 ದಿನಗಳ ಮಿತಿ ಇದೆ. ಪ್ರತಿದಿನ ಹಾಳೆಗೆ ಸೇರುವಂತೆ ವ್ಯವಸ್ಥೆ ಮಾಡಿಕೊಳ್ಳದಿದ್ದರೆ, ನಾಲ್ಕನೆಯ ತಿಂಗಳಲ್ಲಿ ಹಿಂದಿರುಗಿ ಕರೆ ಮಾಡುವವರ ಹಳೆಯ ವಿವರ ನಿಮ್ಮ ಬಳಿ ಇರುವುದೇ ಇಲ್ಲ.

ಹಂತ 3: ಮೊದಲ ದಿನದ ಸಂದೇಶ

ಫಾರ್ಮ್ ಬಂದ ಗಂಟೆಯೊಳಗೆ ಮೊದಲ ಸಂಪರ್ಕ ನಡೆಯಲಿ, ಏಕೆಂದರೆ ಅದೇ ಸಂಜೆ ಅವರು ಇನ್ನೂ ಮೂರು ಫಾರ್ಮ್ ತುಂಬಿರುವ ಸಾಧ್ಯತೆ ಇದೆ. ಮರುದಿನ ಕರೆ ಮಾಡಿದರೆ ನೀವು ಯಾರೆಂದು ಅವರಿಗೆ ನೆನಪಿರುವುದಿಲ್ಲ.

ವಾಟ್ಸಾಪ್‌ನ ನಿಯಮವನ್ನು ಇಲ್ಲಿ ಸರಿಯಾಗಿ ತಿಳಿದಿರಬೇಕು. ದೊಡ್ಡ ವ್ಯವಹಾರಗಳು ಬಳಸುವ ವಾಟ್ಸಾಪ್ ಬಿಸಿನೆಸ್ ಪ್ಲಾಟ್‌ಫಾರ್ಮ್‌ನಲ್ಲಿ, ಗ್ರಾಹಕರು ನಿಮಗೆ ಸಂದೇಶ ಕಳಿಸಿದ ಕ್ಷಣದಿಂದ 24 ಗಂಟೆ ಮಾತ್ರ ನೀವು ಮುಕ್ತವಾಗಿ ಬರೆಯಬಹುದು. ಅವರು ಮತ್ತೆ ಬರೆದಾಗಲೆಲ್ಲ ಆ ಅವಧಿ ಹೊಸದಾಗಿ ಆರಂಭವಾಗುತ್ತದೆ. ಅದರ ಹೊರಗೆ ಕಳಿಸಬಹುದಾದದ್ದು ಟೆಂಪ್ಲೇಟ್ ಮಾತ್ರ, ಅಂದರೆ ಮುಂಚೆಯೇ ಸಲ್ಲಿಸಿ ಅನುಮೋದನೆ ಪಡೆದ ಸಿದ್ಧ ಸಂದೇಶ. ಫಾರ್ಮ್ ತುಂಬಿದ್ದು ನಿಮಗೆ ಸಂದೇಶ ಕಳಿಸಿದಂತೆ ಅಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಹಾಗಾಗಿ ನಿಮ್ಮ ಮೊದಲ ಟೆಂಪ್ಲೇಟ್‌ನ ಕೆಲಸ ಮನೆಯನ್ನು ಹೊಗಳುವುದಲ್ಲ, ಒಂದು ಉತ್ತರ ಬರುವಂತೆ ಮಾಡುವುದು:

"ನಮಸ್ಕಾರ. ಎರಡು ಕೋಣೆಯ ಮನೆಯ ಬಗ್ಗೆ ನೀವು ವಿಚಾರಿಸಿದ್ದೀರಿ. ಮೊದಲು ಯಾವುದನ್ನು ಕಳಿಸಲಿ? 1. ನಕ್ಷೆ ಮತ್ತು ಅಳತೆ 2. ಒಟ್ಟು ಖರ್ಚಿನ ಪಟ್ಟಿ 3. ಸಾಲದ ಕಂತಿನ ಅಂದಾಜು. ಸಂಖ್ಯೆ ಒತ್ತಿದರೆ ಸಾಕು."

ಒಂದು ಸಂಖ್ಯೆ ಒತ್ತುವುದರಲ್ಲಿ ಎರಡು ಕೆಲಸಗಳಾಗುತ್ತವೆ: ಮುಕ್ತವಾಗಿ ಬರೆಯುವ ಅವಧಿ ತೆರೆದುಕೊಳ್ಳುತ್ತದೆ, ಜೊತೆಗೆ ಅವರ ಮೊದಲ ಪ್ರಶ್ನೆ ಯಾವುದೆಂಬುದು ನಿಮ್ಮ ಹಾಳೆಗೆ ಬರುತ್ತದೆ. ಎರಡನ್ನು ಒತ್ತಿದವರು ಕೈಗೆಟಕುತ್ತದೆಯೇ ಎಂಬ ಹಂತದಲ್ಲಿದ್ದಾರೆ, ಮೂರನ್ನು ಒತ್ತಿದವರು ಅದನ್ನು ದಾಟಿದ್ದಾರೆ.

ಉಚಿತ ವಾಟ್ಸಾಪ್ ಬಿಸಿನೆಸ್ ಆ್ಯಪ್ ಬಳಸುವ ಸಣ್ಣ ಕಚೇರಿಗಳಿಗೆ 24 ಗಂಟೆಯ ಈ ಕಟ್ಟುಪಾಡು ಇಲ್ಲ, ಆದರೆ ಅಲ್ಲಿ ಬೇರೊಂದು ಮಿತಿ ಇದೆ. ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಬ್ರಾಡ್‌ಕಾಸ್ಟ್ ಕಳಿಸಿ "ಯಾರೂ ಉತ್ತರಿಸುತ್ತಿಲ್ಲ" ಎನ್ನುವವರು ಮೊದಲು ಇದನ್ನು ಪರೀಕ್ಷಿಸಿಕೊಳ್ಳಲಿ. ಸಂದೇಶ ತಲುಪಿಯೇ ಇರಲಿಕ್ಕಿಲ್ಲ. ಮೊದಲ ಮಾತುಕತೆಯಲ್ಲಿಯೇ ಸಂಖ್ಯೆ ಉಳಿಸಿಕೊಳ್ಳುವಂತೆ ವಿನಂತಿಸುವುದು ಇದಕ್ಕಿರುವ ಸರಳ ಪರಿಹಾರ.

ಹಂತ 4: ನೋಡಿದವರನ್ನು ಗುಂಪುಗಳಾಗಿ ಬೇರ್ಪಡಿಸಿ

ಸಂದೇಶಕ್ಕೆ ಉತ್ತರಿಸದವರೂ ಜಾಹೀರಾತನ್ನು ನೋಡುತ್ತಿರುತ್ತಾರೆ. ಆದ್ದರಿಂದ ಅವರ ನಡೆಯನ್ನು ಆಧರಿಸಿ ಕಸ್ಟಮ್ ಆಡಿಯನ್ಸ್‌ಗಳನ್ನು, ಎಂದರೆ ಈಗಾಗಲೇ ನಿಮ್ಮೊಡನೆ ಒಂದಿಷ್ಟು ಸಂಪರ್ಕಕ್ಕೆ ಬಂದವರ ಗುಂಪುಗಳನ್ನು ಕಟ್ಟಿಕೊಳ್ಳಬೇಕು. ಮೆಟಾದಲ್ಲಿ ವಿಡಿಯೋ ನೋಡಿದವರನ್ನು 365 ದಿನಗಳವರೆಗೆ, ಜಾಲಪುಟಕ್ಕೆ ಬಂದವರನ್ನು 180 ದಿನಗಳವರೆಗೆ, ಫಾರ್ಮ್ ತೆರೆದವರನ್ನು 90 ದಿನಗಳವರೆಗೆ ಗುಂಪಿನಲ್ಲಿ ಇರಿಸಿಕೊಳ್ಳಬಹುದು. ದೀರ್ಘ ಖರೀದಿಯಲ್ಲಿ ವಿಡಿಯೋ ಏಕೆ ಅಷ್ಟು ಮುಖ್ಯವೆಂಬುದು ಇದರಿಂದಲೇ ತಿಳಿಯುತ್ತದೆ: ನೆನಪು ಅತಿ ಹೆಚ್ಚು ಕಾಲ ಉಳಿಯುವ ಗುಂಪುಗಳಲ್ಲಿ ಅದೂ ಒಂದು.

ಹತ್ತಾರು ಗುಂಪು ಮಾಡುವ ಅಗತ್ಯವಿಲ್ಲ. ಗುಂಪು ತೀರಾ ಚಿಕ್ಕದಾದರೆ ಜಾಹೀರಾತು ಸರಿಯಾಗಿ ಹರಿಯುವುದಿಲ್ಲ, ಹರಿದರೂ ಅದೇ ನೂರಾರು ಮಂದಿಗೆ ಅದೇ ಚಿತ್ರ ದಿನವೂ ಕಾಣುತ್ತದೆ. ಮೂರು ಸಾಕು: ವಿಡಿಯೋವನ್ನು ಅರ್ಧಕ್ಕಿಂತ ಹೆಚ್ಚು ನೋಡಿಯೂ ಫಾರ್ಮ್ ತುಂಬದವರು, ಫಾರ್ಮ್ ತುಂಬಿಯೂ ಮನೆ ನೋಡಲು ಬಾರದವರು, ಮನೆ ನೋಡಿ ಹೋಗಿ ಇನ್ನೂ ಬುಕ್ ಮಾಡದವರು. ಕೊನೆಯ ಗುಂಪನ್ನು ಅನುಮತಿ ಕೊಟ್ಟವರ ಪಟ್ಟಿಯಿಂದ ನೀವೇ ಸೇರಿಸಬೇಕಾಗುತ್ತದೆ.

ಪ್ರತಿ ಗುಂಪಿನ ಜಾಹೀರಾತಿನಲ್ಲಿ ಮುಂದಿನ ಗುಂಪಿನವರನ್ನು ಹೊರಗಿಡುವುದನ್ನು ಮರೆಯಬೇಡಿ. ಮನೆ ನೋಡಿ ಬಂದವರಿಗೆ "ಇಂದೇ ವಿಚಾರಿಸಿ" ಎಂಬ ಜಾಹೀರಾತು ಕಂಡರೆ ತಮ್ಮನ್ನು ಯಾರೂ ಗುರುತಿಟ್ಟಿಲ್ಲ ಎಂಬ ಭಾವನೆ ಬರುತ್ತದೆ. ಮುಂಗಡ ಕೊಟ್ಟವರಿಗೆ "ವಿಶೇಷ ರಿಯಾಯಿತಿ" ಎಂಬ ಜಾಹೀರಾತು ಕಂಡರಂತೂ ಬುಕಿಂಗ್ ರದ್ದಾಗುವ ಮಾತೇ ಎದ್ದೀತು. ಇನ್ನೊಂದು ವಿಷಯ: ಅಮೆರಿಕ, ಕೆನಡಾದಂಥ ದೇಶಗಳಲ್ಲಿ ವಸತಿ ಜಾಹೀರಾತನ್ನು ಮೆಟಾ ವಿಶೇಷ ವರ್ಗವಾಗಿ ಪರಿಗಣಿಸಿ, ವಯಸ್ಸು, ಲಿಂಗ, ಪಿನ್‌ಕೋಡ್ ಆಧರಿಸಿ ಜನರನ್ನು ಆರಿಸುವುದನ್ನು ನಿರ್ಬಂಧಿಸುತ್ತದೆ. ಅಂಥ ಕಡೆ ಜಾಹೀರಾತು ಹಾಕುವವರು ವರ್ಗವನ್ನು ಮೊದಲೇ ಸರಿಯಾಗಿ ಸೂಚಿಸಬೇಕು.

ಹಂತ 5: ವಾರದ ಪ್ರಶ್ನೆಗೆ ವಾರದ ಉತ್ತರ

ಶ್ರಮದ ಹೆಚ್ಚಿನ ಪಾಲು ಹೋಗಬೇಕಾದದ್ದು ಇಲ್ಲಿಗೆ. ಉದಾಹರಣೆಗೆ ದಂಪತಿಯೊಂದನ್ನು ಇಟ್ಟುಕೊಳ್ಳೋಣ. ಇಬ್ಬರೂ ದುಡಿಯುವವರು, ಈಗ ಬಾಡಿಗೆ ಮನೆಯಲ್ಲಿದ್ದಾರೆ, ನಾಲ್ಕು ತಿಂಗಳೊಳಗೆ ಸ್ವಂತ ಮನೆಗೆ ಹೋಗಬೇಕೆಂದು ಫಾರ್ಮ್‌ನಲ್ಲಿ ಬರೆದಿದ್ದಾರೆ, ಸಾಲ ಬೇಕು. ಫಾರ್ಮ್ ತುಂಬಿದವರು ಹೆಂಡತಿ.

ಮೊದಲ ವಾರ ಅವರು ಟೆಂಪ್ಲೇಟ್‌ಗೆ ಉತ್ತರವಾಗಿ ಎರಡನ್ನು ಒತ್ತುತ್ತಾರೆ. ಒಟ್ಟು ಖರ್ಚಿನ ಪಟ್ಟಿ ಒಂದೇ ಪುಟದಲ್ಲಿ ಹೋಗಬೇಕು, ಮತ್ತು ಅದರಲ್ಲಿ ಮನೆಯ ಬೆಲೆಯಷ್ಟೇ ಅಲ್ಲದೆ ನೋಂದಣಿ, ತೆರಿಗೆ, ವಾಹನ ನಿಲುಗಡೆ, ನಿರ್ವಹಣೆಯ ಠೇವಣಿ ಎಲ್ಲವೂ ಸೇರಿರಬೇಕು. ಇವುಗಳನ್ನು ಮುಚ್ಚಿಟ್ಟು ಮೊದಲ ಭೇಟಿಗೆ ಕರೆಸಿಕೊಳ್ಳುವ ರೂಢಿ ಹಲವೆಡೆ ಇದೆ. ಆರನೆಯ ವಾರದಲ್ಲಿ ಆ ಮೊತ್ತ ಹೊರಬಿದ್ದಾಗ ಅದುವರೆಗಿನ ವಿಶ್ವಾಸವೆಲ್ಲ ಒಂದೇ ಸಲಕ್ಕೆ ಹೋಗುತ್ತದೆ, ಆಮೇಲೆ ಅದನ್ನು ಸರಿಪಡಿಸುವ ಸಂದೇಶ ಯಾವುದೂ ಇಲ್ಲ.

ಎರಡು ಮತ್ತು ಮೂರನೆಯ ವಾರ ಮೌನ. ಈ ಹೊತ್ತಿಗೆ ಅವರನ್ನು ಕಾಡುವ ಪ್ರಶ್ನೆ ಸಾಲದ್ದು. "ನಿಮ್ಮಿಬ್ಬರ ಆದಾಯ ಸೇರಿಸಿ ಅರ್ಜಿ ಹಾಕಿದರೆ ಸಾಲದ ಮೊತ್ತ ಹೇಗೆ ಬದಲಾಗುತ್ತದೆ ಎಂಬುದರ ಎರಡು ನಿಮಿಷದ ವಿವರಣೆ ಇದು. ಬ್ಯಾಂಕಿಗೆ ಹೋಗುವಾಗ ಒಯ್ಯಬೇಕಾದ ಕಾಗದಪತ್ರಗಳ ಪಟ್ಟಿ ಬೇಕಾದರೆ 'ಪಟ್ಟಿ' ಎಂದು ಬರೆಯಿರಿ" ಎಂಬ ಟೆಂಪ್ಲೇಟ್ ಕಳಿಸುತ್ತೀರಿ. ಅವರು ಉತ್ತರಿಸದೆ ಕೊಂಡಿಯನ್ನು ಮಾತ್ರ ತೆರೆದು ನೋಡಬಹುದು, ಅದೂ ಉತ್ತರವೇ. ಯಾವ ಸಂದೇಶದಿಂದ ಪುಟಕ್ಕೆ ಬಂದರೆಂದು ತಿಳಿಯಲು ಕೊಂಡಿಯ ಕೊನೆಗೆ ಹೀಗೆ ಗುರುತು ಸೇರಿಸಿರಬೇಕು:

```
?utm_source=whatsapp&utm_medium=message&utm_campaign=saala_week3
```

ಈ ಗುರುತು ತೋರಿಸುವುದು ಸಂದೇಶವನ್ನು, ವ್ಯಕ್ತಿಯನ್ನಲ್ಲ. ಮೂರನೆಯ ವಾರದ ಸಂದೇಶದಿಂದ ಪುಟಕ್ಕೆ ಬಂದವರೇ ಹೆಚ್ಚೆಂದು ಕಂಡರೆ, ನಿಮ್ಮ ಲೀಡ್‌ಗಳಲ್ಲಿ ಬಹುಪಾಲು ಜನ ಸಾಲದ ಪ್ರಶ್ನೆಯಲ್ಲಿ ನಿಂತಿದ್ದಾರೆಂದು ತಿಳಿಯಬಹುದು.

ನಾಲ್ಕರಿಂದ ಆರನೆಯ ವಾರ ಮನೆಯನ್ನು ಕಣ್ಣಾರೆ ಕಾಣುವ ಹಂತ. ಬಣ್ಣದ ಕಂಪ್ಯೂಟರ್ ಚಿತ್ರಗಳನ್ನು ಈ ಗುಂಪಿಗೆ ತೋರಿಸಬೇಡಿ, ಅವರು ಅದನ್ನು ದಾಟಿ ಬಂದಿದ್ದಾರೆ. ಖಾಲಿ ಮನೆಯಲ್ಲಿ, ಮೊಬೈಲ್‌ನಲ್ಲಿ, ಸಂಗೀತವಿಲ್ಲದೆ ತೆಗೆದ ವಿಡಿಯೋ ಬೇಕು. ಮಲಗುವ ಕೋಣೆಯ ನೆಲದ ಮೇಲೆ ಅಳತೆ ಟೇಪು ಹರಡಿ, ಮಂಚವಿಟ್ಟ ಮೇಲೆ ಕಪಾಟಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂದು ತೋರಿಸಿ. ಮಧ್ಯಾಹ್ನ ನಾಲ್ಕು ಗಂಟೆಗೆ ಪಡುವಣ ಬಿಸಿಲು ಹಾಲ್‌ನಲ್ಲಿ ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸಿ. ಕಿಟಕಿ ಮುಚ್ಚಿದಾಗ ರಸ್ತೆಯ ಸದ್ದು ಎಷ್ಟು, ತೆರೆದಾಗ ಎಷ್ಟು ಎಂಬುದು ಅದೇ ವಿಡಿಯೋದಲ್ಲಿ ಕೇಳಿಸಲಿ. ಅಡುಗೆಮನೆಯಲ್ಲಿ ವಾಷಿಂಗ್ ಮಷಿನ್‌ಗೆ ನೀರಿನ ಕೊಳವೆ ಎಲ್ಲಿದೆ, ನಿಲುಗಡೆಯಲ್ಲಿ ಕಾರು ಒಂದೇ ಸಲಕ್ಕೆ ತಿರುಗುತ್ತದೆಯೇ ಎಂಬುದನ್ನೂ ಬಿಡಬೇಡಿ. ಕೊರತೆಯೊಂದು ಕಾಣುವುದಾದರೆ ಕಾಣಲಿ. ಬಿಸಿಲು ಹೆಚ್ಚು ಬೀಳುವ ಮನೆ ಬೇಡವೆನ್ನುವವರು ಆ ವಾರವೇ ಹಿಂದೆ ಸರಿಯುವುದು ಇಬ್ಬರಿಗೂ ಒಳ್ಳೆಯದು.

ವಿಡಿಯೋದ ಕೊನೆಯಲ್ಲಿ ಬರುವ ಆಹ್ವಾನ "ಬಂದು ನೋಡಿ" ಎಂದಿದ್ದರೆ ಸಾಲದು. "ಶನಿವಾರ ಸಂಜೆ ನಾಲ್ಕು ಗಂಟೆಗೆ ಇದೇ ಮನೆ ತೆರೆದಿರುತ್ತದೆ, ಬರುವುದಾದರೆ ತಿಳಿಸಿ" ಎಂದು ದಿನ, ಹೊತ್ತು, ಮನೆ ಮೂರನ್ನೂ ಹೇಳಿದರೆ ಉತ್ತರಿಸುವುದು ಸುಲಭ. ನಮ್ಮ ದಂಪತಿ ಐದನೆಯ ವಾರದ ಶನಿವಾರ ಬರುತ್ತಾರೆ.

ಭೇಟಿಯಾದ ಸಂಜೆಯೇ, ಅವರು ಅಲ್ಲಿ ಕೇಳಿದ ಪ್ರಶ್ನೆಗಳನ್ನೂ ನೀವು ಕೊಟ್ಟ ಉತ್ತರಗಳನ್ನೂ ಬರೆದು ಕಳಿಸಿ. ಮಾರ್ಗದರ್ಶಿಗಳಲ್ಲಿ ಅಪರೂಪಕ್ಕೆ ಕಾಣುವ ಈ ಒಂದು ಹೆಜ್ಜೆಗೆ ನಾನು ಬಹಳ ಮಹತ್ವ ಕೊಡುತ್ತೇನೆ. ಏಳನೆಯ ವಾರದಲ್ಲಿ ಗಂಡನ ತಂದೆ ತಾಯಿಯೊಡನೆಯೋ ಅಣ್ಣನೊಡನೆಯೋ ಕೂತು ಚರ್ಚಿಸುವಾಗ ನೀವು ಅಲ್ಲಿರುವುದಿಲ್ಲ, ಈ ಬರಹ ಮಾತ್ರ ಇರುತ್ತದೆ. ಆದ್ದರಿಂದ ಅದು ಹಂಚಿಕೊಳ್ಳುವಂತಿರಬೇಕು: ಮನೆಯ ನಕ್ಷೆ, ಗೋಡೆಗಳ ಒಳಗೆ ಬಳಸಲು ಸಿಗುವ ಜಾಗದ ಅಳತೆ, ಒಟ್ಟು ಖರ್ಚು, ತಿಂಗಳ ಕಂತಿನ ಅಂದಾಜು, ಉಳಿದ ಸಂದೇಹಗಳು. ನಿರ್ಧಾರ ಮಾಡುವವರು ಫಾರ್ಮ್ ತುಂಬಿದವರೊಬ್ಬರೇ ಅಲ್ಲ ಎಂಬುದನ್ನು ಮರೆತವರು ಹೆಚ್ಚಾಗಿ ಸೋಲುವುದು ಈ ವಾರದಲ್ಲಿಯೇ.

ಎಂಟು ಒಂಬತ್ತನೆಯ ವಾರ ದಾಖಲೆಗಳ ವಾರ. ಯಾವ ಯಾವ ದಾಖಲೆ ನೋಡಬೇಕು, ಪ್ರತಿಯೊಂದೂ ಏನನ್ನು ಸಾಬೀತುಪಡಿಸುತ್ತದೆ ಎಂಬುದನ್ನು ಸರಳವಾಗಿ ವಿವರಿಸಿ, ಅವರು ತಮ್ಮದೇ ವಕೀಲರಿಗೆ ತೋರಿಸುವಂತೆ ಪ್ರತಿಗಳನ್ನು ಕೊಡಿ. ಹತ್ತನೆಯ ವಾರದ ನಂತರ ಉಳಿಯುವ ಪ್ರಶ್ನೆ ಈಗಲೇ ಕೊಳ್ಳಬೇಕೇ ಎಂಬುದು. ಇಲ್ಲಿ ಬಳಸಬಹುದಾದದ್ದು ನಿಜವಾದ ಗಡುವು ಮಾತ್ರ: ಆ ಮಹಡಿಯಲ್ಲಿ ಎಷ್ಟು ಮನೆ ಉಳಿದಿವೆ, ಬ್ಯಾಂಕಿನ ಸಾಲ ಮಂಜೂರಾತಿ ಯಾವ ದಿನಕ್ಕೆ ಮುಗಿಯುತ್ತದೆ. "ಕೊನೆಯ ಎರಡು ಮನೆ" ಎಂದು ಬರೆದು ಮುಂದಿನ ತಿಂಗಳೂ ಅದನ್ನೇ ಬರೆದರೆ, ಎರಡನ್ನೂ ನೋಡಿರುವವರು ಈ ಗುಂಪಿನವರೇ. ಹನ್ನೆರಡು ವಾರದಿಂದ ನಿಮ್ಮನ್ನು ಗಮನಿಸುತ್ತ ಬಂದವರ ಮುಂದೆ ಸುಳ್ಳು ಅವಸರ ನಿಲ್ಲುವುದಿಲ್ಲ.

ಹಂತ 6: ಉತ್ತರವೇ ಬಾರದಾಗ

ಬೇರೆ ಬೇರೆ ಪ್ರಶ್ನೆಗಳನ್ನು ಕುರಿತ ಮೂರು ಟೆಂಪ್ಲೇಟ್‌ಗಳಿಗೆ ಸತತವಾಗಿ ಉತ್ತರವೇ ಇಲ್ಲವೆಂದರೆ ವಾಟ್ಸಾಪ್‌ನಲ್ಲಿ ನಿಲ್ಲಿಸಿಬಿಡಿ. ನಿಲ್ಲಿಸುವ ಮೊದಲು ಒಂದು ಸಂದೇಶ: "ಸದ್ಯಕ್ಕೆ ಬಿಡುವುದೇ, ಮೂರು ತಿಂಗಳ ನಂತರ ನೆನಪಿಸುವುದೇ, ಬೇರೆ ಅಳತೆಯ ಮನೆ ಬೇಕೇ?" ಬಿಡಿ ಎಂದವರನ್ನು ಅಂದೇ ಬಿಡಬೇಕು. ನಂತರವೂ ಕಳಿಸುತ್ತಾ ಹೋದರೆ ಜನ ನಿಮ್ಮನ್ನು ಬ್ಲಾಕ್ ಮಾಡುತ್ತಾರೆ ಅಥವಾ ದೂರು ಒತ್ತುತ್ತಾರೆ. ಪ್ಲಾಟ್‌ಫಾರ್ಮ್‌ನಲ್ಲಿ ಟೆಂಪ್ಲೇಟ್‌ನ ಗುಣಮಟ್ಟದ ದರ್ಜೆ ಇಳಿದು, ಕೊನೆಗೆ ಆ ಟೆಂಪ್ಲೇಟ್ ತಾತ್ಕಾಲಿಕವಾಗಿ ನಿಲ್ಲುತ್ತದೆ. ಆಸಕ್ತಿ ಇಲ್ಲದ ಕೆಲವರ ಬೆನ್ನು ಹತ್ತಿದ್ದರಿಂದ ಆಸಕ್ತಿ ಇರುವವರಿಗೂ ಸಂದೇಶ ಹೋಗದಂತಾಗುತ್ತದೆ.

ಜಾಹೀರಾತಿನಲ್ಲಿಯೂ ಇದೇ ಅಪಾಯವಿದೆ. ವಾರಕ್ಕೊಮ್ಮೆ ಫ್ರೀಕ್ವೆನ್ಸಿಯನ್ನು, ಎಂದರೆ ಒಬ್ಬರಿಗೆ ಸರಾಸರಿ ಎಷ್ಟು ಸಲ ಕಂಡಿದೆ ಎಂಬ ಅಂಕಿಯನ್ನು ನೋಡಿ. ಅದು ಏರುತ್ತಾ ಒತ್ತುವವರ ಪ್ರಮಾಣ ಇಳಿಯುತ್ತಿದ್ದರೆ, ಮತ್ತು "ಈ ಜಾಹೀರಾತು ಮರೆಮಾಡಿ" ಎನ್ನುವವರು ಹೆಚ್ಚುತ್ತಿದ್ದರೆ, ವಿಡಿಯೋ ಬದಲಿಸುವ ಸಮಯ ಬಂದಿದೆ. ಹಣ ಹೆಚ್ಚಿಸುವುದರಿಂದ ಇದು ಸರಿಹೋಗುವುದಿಲ್ಲ.

ಹಂತ 7: ಲೆಕ್ಕವನ್ನು ವಾರದ ತಂಡಗಳಲ್ಲಿ ಇಡಿ

ಮೆಟಾದ ಸಾಮಾನ್ಯ ಹೊಂದಾಣಿಕೆಯಲ್ಲಿ, ಜಾಹೀರಾತು ಒತ್ತಿ 7 ದಿನದೊಳಗೆ ಅಥವಾ ಕೇವಲ ನೋಡಿ 1 ದಿನದೊಳಗೆ ನಡೆದದ್ದು ಮಾತ್ರ ಆ ಜಾಹೀರಾತಿನ ಫಲವಾಗಿ ಎಣಿಕೆಗೆ ಬರುತ್ತದೆ. ನಮ್ಮ ದಂಪತಿ ಹನ್ನೊಂದನೆಯ ವಾರದಲ್ಲಿ ಮುಂಗಡ ಕೊಟ್ಟರೆ ಮೊದಲ ಜಾಹೀರಾತಿನ ಲೆಕ್ಕದಲ್ಲಿ ಅದು ಕಾಣಿಸುವುದೇ ಇಲ್ಲ. ಹಾಗಾಗಿ ಜಾಹೀರಾತಿನ ಪುಟದಲ್ಲಿ ಕಾಣುವ ಲೀಡ್ ಸಂಖ್ಯೆಯನ್ನಷ್ಟೇ ನೋಡಿ ನಿರ್ಧರಿಸಿದರೆ ತಪ್ಪು ಜಾಹೀರಾತು ಉಳಿಯುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದೇ ವಾರ, ಒಂದೇ ಖರ್ಚಿನಲ್ಲಿ ಎರಡು ಜಾಹೀರಾತು ಓಡಿವೆ. ಮೊದಲನೆಯದರಲ್ಲಿ ಸುಲಭ ಫಾರ್ಮ್, 120 ಲೀಡ್. ಎರಡನೆಯದರಲ್ಲಿ ಮೂರು ಪ್ರಶ್ನೆಗಳ ಫಾರ್ಮ್, 45 ಲೀಡ್. ಮೊದಲ ವಾರದ ಕೊನೆಗೆ ಎರಡನೆಯದನ್ನು ನಿಲ್ಲಿಸಬೇಕೆನಿಸುತ್ತದೆ. ಆರನೆಯ ವಾರ ನೋಡಿದರೆ ಮೊದಲನೆಯದರಿಂದ ಮನೆ ನೋಡಲು ಬಂದವರು 6, ಎರಡನೆಯದರಿಂದ 9. ಹನ್ನೆರಡನೆಯ ವಾರಕ್ಕೆ ಬುಕಿಂಗ್ 1 ಮತ್ತು 2. ಮೊದಲನೆಯದರಲ್ಲಿ ಇಪ್ಪತ್ತು ಮಂದಿಯ ಹಿಂದೆ ಓಡಾಡಿದರೆ ಒಂದು ಭೇಟಿ, ಎರಡನೆಯದರಲ್ಲಿ ಐವರೊಡನೆ ಮಾತನಾಡಿದರೆ ಒಂದು ಭೇಟಿ. ನಿಮ್ಮ ಸಿಬ್ಬಂದಿಯ ಸಮಯದ ಬೆಲೆಯನ್ನೂ ಸೇರಿಸಿದರೆ ಅಂತರ ಇನ್ನೂ ಹೆಚ್ಚು.

ಇದು ಕಾಣಬೇಕೆಂದರೆ ಹಾಳೆಯಲ್ಲಿ ಪ್ರತಿ ವಾರದ ಲೀಡ್‌ಗಳನ್ನು ಒಂದು ತಂಡವೆಂದು ಗುರುತಿಸಿ, ಅದೇ ತಂಡದಲ್ಲಿ ನಾಲ್ಕನೆಯ, ಎಂಟನೆಯ, ಹನ್ನೆರಡನೆಯ ವಾರಕ್ಕೆ ಎಷ್ಟು ಮಂದಿ ಯಾವ ಪ್ರಶ್ನೆಯವರೆಗೆ ಬಂದರೆಂದು ಬರೆಯಬೇಕು. ಎಲ್ಲ ವಾರಗಳನ್ನೂ ಬೆರೆಸಿ "ಈ ತಿಂಗಳು ಇಷ್ಟು ಲೀಡ್, ಇಷ್ಟು ಬುಕಿಂಗ್" ಎಂದು ಭಾಗಿಸಬೇಡಿ. ಈ ತಿಂಗಳ ಬುಕಿಂಗ್ ಎರಡು ತಿಂಗಳ ಹಿಂದಿನ ಲೀಡ್‌ನಿಂದ ಬಂದದ್ದು.

ಭೇಟಿ ಮತ್ತು ಬುಕಿಂಗ್‌ನ ಮಾಹಿತಿಯನ್ನು ಲೀಡ್ ಐಡಿಯ ಮೂಲಕ ಮೆಟಾಗೆ ಮರಳಿ ಕಳಿಸಿದರೆ ಅಂಥವರನ್ನೇ ಹುಡುಕಲು ಅದಕ್ಕೆ ನೆರವಾಗುತ್ತದೆ. ಇದನ್ನು ವಾರಕ್ಕೊಮ್ಮೆ ಮಾಡಿ, ತಿಂಗಳ ಕೊನೆಗೆ ಒಟ್ಟಾಗಿ ಅಲ್ಲ, ಏಕೆಂದರೆ ತಡವಾದ ಮಾಹಿತಿಯನ್ನು ಅದು ಒಂದು ಮಿತಿಯಾಚೆಗೆ ಸ್ವೀಕರಿಸುವುದಿಲ್ಲ. ಆದರೆ ಜಾಹೀರಾತಿನ ಗುರಿಯನ್ನು ನೇರವಾಗಿ ಬುಕಿಂಗ್‌ಗೆ ಇಡಬೇಡಿ. ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ವ್ಯವಸ್ಥೆ ಕಲಿಯುವ ಹಂತ ದಾಟಲು ಒಂದು ಆ್ಯಡ್ ಸೆಟ್‌ಗೆ, ಎಂದರೆ ಒಂದೇ ಗುರಿ ಮತ್ತು ಒಂದೇ ಗುಂಪಿನ ಜನರಿಗಾಗಿ ಇಟ್ಟ ಜಾಹೀರಾತುಗಳ ಕಟ್ಟಿಗೆ, ವಾರಕ್ಕೆ ಸುಮಾರು 50 ಫಲಿತಾಂಶ ಬೇಕೆಂದು ಮೆಟಾ ಹೇಳುತ್ತದೆ. ವಾರಕ್ಕೆ 50 ಮನೆ ಮಾರುವವರು ವಿರಳ. ಅರ್ಹ ಲೀಡ್, ಅಂದರೆ ಮಾತನಾಡಿದ ಮೇಲೆ ನಿಜವಾಗಿ ಕೊಳ್ಳುವ ಉದ್ದೇಶ ಇದೆಯೆಂದು ನೀವು ಗುರುತಿಸಿದವರು, ಈ ಗುರಿಗೆ ಸರಿಯಾದ ಮಟ್ಟ.

ಕಾರಿನ ವಿಷಯದಲ್ಲಿ

ಅವಧಿ ಸಾಮಾನ್ಯವಾಗಿ ಚಿಕ್ಕದು, ಪ್ರಶ್ನೆಗಳ ಕ್ರಮವೂ ಬೇರೆ. ಹಳೆಯ ಕಾರಿಗೆ ಎಷ್ಟು ಸಿಗುತ್ತದೆ ಎಂಬುದು ಬಹಳ ಬೇಗ ಬರುವ ಪ್ರಶ್ನೆ. ಅದರ ಅಂದಾಜನ್ನು ಫೋಟೋಗಳ ಮೇಲೆ ವಾಟ್ಸಾಪ್‌ನಲ್ಲಿಯೇ ಕೊಡಲು ಸಾಧ್ಯವಾದರೆ ಮಾತುಕತೆ ಮುಂದುವರಿಯುತ್ತದೆ, ಆದರೆ ಕಾರು ನೋಡಿದ ಮೇಲೆ ಮೊತ್ತ ಬದಲಾಗಬಹುದೆಂದು ಅಲ್ಲಿಯೇ ಬರೆದಿರಬೇಕು. ಮನೆಯಲ್ಲಿ ಭೇಟಿ ಇದ್ದಂತೆ ಇಲ್ಲಿ ಟೆಸ್ಟ್ ಡ್ರೈವ್. ವಿಡಿಯೋದಲ್ಲಿ ಹಿಂಬದಿ ಸೀಟಿನಲ್ಲಿ ಮೂವರು ದೊಡ್ಡವರು ಕೂತಾಗ ಭುಜಕ್ಕೆ ಎಷ್ಟು ಜಾಗ, ಡಿಕ್ಕಿಯಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಹಿಡಿಯುತ್ತವೆಯೇ ಎಂಬಂಥವು ಇರಲಿ.

ಕಾರಿನಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವುದು ಬುಕಿಂಗ್ ಆದ ನಂತರದ ಕಾಯುವ ಅವಧಿ. ಕಾರು ಬರಲು ತಿಂಗಳುಗಳಾಗುವುದಾದರೆ, ಹೊಸ ಸುದ್ದಿ ಇಲ್ಲದಿದ್ದರೂ ವಾರಕ್ಕೊಮ್ಮೆ ನಿಗದಿತ ದಿನ ಸ್ಥಿತಿ ತಿಳಿಸಬೇಕು. ಇಲ್ಲವಾದರೆ ಅಷ್ಟರಲ್ಲಿ ಬೇರೆ ಕಂಪನಿಯ ಜಾಹೀರಾತು ಅವರನ್ನು ಕರೆದೊಯ್ಯುತ್ತದೆ. ಮನೆಗೂ ಇದೇ ಅನ್ವಯಿಸುತ್ತದೆ. ಮುಂಗಡ ಬಂದ ದಿನವೇ ಅವರ ಹೆಸರನ್ನು ಎಲ್ಲ ಜಾಹೀರಾತು ಗುಂಪುಗಳಿಂದ ಹೊರಗಿಡಿ, ಮಾರಾಟದ ಟೆಂಪ್ಲೇಟ್‌ಗಳನ್ನು ನಿಲ್ಲಿಸಿ, ನೋಂದಣಿ ಮುಗಿಯುವವರೆಗೆ ಉತ್ತರಿಸುವ ಒಬ್ಬ ಸಿಬ್ಬಂದಿಯ ಹೆಸರು ಮತ್ತು ಸಂಖ್ಯೆಯನ್ನು ಅವರಿಗೆ ಅದೇ ಸಂಜೆ ಕಳಿಸಿ.